ಮಾಲು ದುಬೈ ಮುಟ್ಟಿತು, ಲಾಭ ಎಲ್ಲಿ ಹೋಯಿತು?

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮಸಾಲೆ ಪದಾರ್ಥದ ವ್ಯಾಪಾರಿಯೊಬ್ಬರಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಬೇಡ ಬಿಡಿ. ಕಳೆದ ಸಲ ಆ ಕಡೆ ಹೋದಾಗ ಗೋದಾಮಿನಲ್ಲಿ ಕೂರಿಸಿ, ಚಹಾ ಕೊಟ್ಟು, ಲೆಕ್ಕದ ಪುಸ್ತಕ ನನ್ನ ಮುಂದೆ ಇಟ್ಟರು. "ನೋಡ್ರಿ ಸರ, ಅರಿಶಿನ ದುಬೈಕ ಹೋತು. ಮಾಲ್ ಚಲೋ ಐತಿ ಅಂದ್ರು. ರೊಕ್ಕಾನೂ ಪೂರಾ ಬಂತು. ಆದ್ರ ಲಾಭ ಎಲ್ಲಿ ಹೋತು ಅಂತ ನನಗ ತಿಳೀವಲ್ದು!"

ಮೋಸ ಆಗಿಲ್ಲ, ಮಾಲು ಕೆಟ್ಟಿಲ್ಲ, ದುಡ್ಡು ಮುಳುಗಿಲ್ಲ. ಆದರೂ ನಷ್ಟ. ಹೇಗೆ? ಅವರ ಪುಸ್ತಕವನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚುತ್ತೇನೆ. ಅಂಕಿಗಳನ್ನು ನೆನಪಿಡಲು ಸುಲಭವಾಗಲಿ ಅಂತ ಒಂದಿಷ್ಟು ದುಂಡಗೆ ಮಾಡಿದ್ದೇನೆ, ಅಷ್ಟೇ.

2025ರ ಫೆಬ್ರುವರಿ ಎರಡನೇ ವಾರ. ಇವರು 15 ಟನ್ ಅರಿಶಿನ ಕೊಂಬು ಕಿಲೋಗೆ 140 ರೂಪಾಯಿಯಂತೆ ಖರೀದಿ ಮಾಡಿದರು. ಅಲ್ಲಿಗೆ 21 ಲಕ್ಷ. ಸ್ವಚ್ಛ ಮಾಡಿ, ಪಾಲಿಶ್ ಹೊಡೆದು, ಹೊಸ ಚೀಲಕ್ಕೆ ತುಂಬಲು 75 ಸಾವಿರ. ಸೊಲ್ಲಾಪುರ, ಪುಣೆ ದಾಟಿ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಲಾರಿ ಬಾಡಿಗೆ 45 ಸಾವಿರ. ಪರೀಕ್ಷೆ, ಸರ್ಟಿಫಿಕೇಟು, ಕಸ್ಟಮ್ಸ್ ಏಜೆಂಟ್, ಬಂದರಿನ ಖರ್ಚು ಎಲ್ಲ ಸೇರಿ 50 ಸಾವಿರ. ಹಡಗಿನ ಮೇಲೆ ಮಾಲು ಏರುವ ಹೊತ್ತಿಗೆ ಆದ ಖರ್ಚು 22 ಲಕ್ಷ 70 ಸಾವಿರ. ಇಲ್ಲಿಯ ತನಕದ ಖರ್ಚು ಸೇರಿಸಿ ಹೇಳುವ ಬೆಲೆಗೆ ವ್ಯಾಪಾರದವರು ಎಫ್‌ಒಬಿ ಅಂತಾರೆ. ಇದರ ಮೇಲೆ ಜೆಬೆಲ್ ಅಲಿ ಬಂದರಿನ ತನಕ ಹಡಗಿನ ಬಾಡಿಗೆ ಮತ್ತು ವಿಮೆ 60 ಸಾವಿರ ಸೇರಿಸಿ. ಅದು ಸಿಐಎಫ್. ಒಟ್ಟು 23 ಲಕ್ಷ 30 ಸಾವಿರ.

ಇವರು ಒಪ್ಪಿಕೊಂಡ ಬೆಲೆ ಸಿಐಎಫ್, ಕಿಲೋಗೆ 1.85 ಡಾಲರ್. ಅಂದರೆ 27,750 ಡಾಲರ್. ಅವತ್ತು ಡಾಲರ್ ಸುಮಾರು 87.50 ರೂಪಾಯಿ. ಗುಣಿಸಿದರೆ 24 ಲಕ್ಷ 28 ಸಾವಿರ. ಖರ್ಚು ಕಳೆದು 98 ಸಾವಿರ ಉಳಿತಾಯ ಅಂತ ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದಿದ್ದಾರೆ. ಆ ಗೆರೆ ಎಳೆದದ್ದೇ ತಪ್ಪು ನೋಡಿ. ವ್ಯವಹಾರ ಇನ್ನೂ ಮುಗಿದಿರಲಿಲ್ಲ.

ದುಬೈನ ಪಾರ್ಟಿ ಕೇಳಿದ್ದು ಉದ್ದರಿ. ಹಣ ಬಂದದ್ದು ಮೇ ತಿಂಗಳ ಆರಂಭದಲ್ಲಿ. ಆ ಮೂರು ತಿಂಗಳಲ್ಲಿ ರೂಪಾಯಿ ಚೇತರಿಸಿಕೊಂಡಿತ್ತು. ಡಾಲರ್ 84ರ ಆಸುಪಾಸಿಗೆ ಇಳಿದಿತ್ತು. ಬ್ಯಾಂಕು ಇವರಿಗೆ ಕೊಟ್ಟ ದರ 84.50. ಅದೇ 27,750 ಡಾಲರ್ ಈಗ 23 ಲಕ್ಷ 45 ಸಾವಿರ ಆಯಿತು. ಒಂದು ಡಾಲರ್ ಕೂಡ ಕಡಿಮೆ ಬಂದಿಲ್ಲ, ಆದರೆ 83 ಸಾವಿರ ರೂಪಾಯಿ ಮಾಯ! ಉಳಿದದ್ದು 15 ಸಾವಿರ. ಇನ್ನು ಬಂಡವಾಳ ಬ್ಯಾಂಕಿನದ್ದು. 23 ಲಕ್ಷಕ್ಕೆ ವರ್ಷಕ್ಕೆ 10 ಪರ್ಸೆಂಟ್ ಹಿಡಿದರೂ ಮೂರು ತಿಂಗಳ ಬಡ್ಡಿ 58 ಸಾವಿರ. ಈ ಬಡ್ಡಿಯನ್ನು ಅವರು ಬೆಲೆ ಹೇಳುವಾಗ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೊನೆಗೆ 43 ಸಾವಿರ ಕೈಯಿಂದ ಹೋಯಿತು.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ರೂಪಾಯಿ ಬಿದ್ದ ದಿನ ನಾವು ಪರದೆ ತುಂಬ ಕೆಂಪು ಪಟ್ಟಿ ಹಾಕುತ್ತೇವೆ. ಏರಿದ ದಿನ ಸುಮ್ಮನಿರುತ್ತೇವೆ. ಆದರೆ ಡಾಲರ್‌ನಲ್ಲಿ ಮಾರುವವನಿಗೆ ಹೊಡೆತ ಬೀಳುವುದೇ ರೂಪಾಯಿ ಏರಿದಾಗ. ದುಬೈನ ಪಾರ್ಟಿಗೆ ಈ ಚಿಂತೆ ಇಲ್ಲ. ಅವರ ದಿರ್ಹಮನ್ನು 1997ರಿಂದಲೂ ಒಂದು ಡಾಲರ್‌ಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಏರಿಳಿತದ ಭಾರವೆಲ್ಲ ಸೊಲ್ಲಾಪುರ ರಸ್ತೆಯ ತಲೆಯ ಮೇಲೆ.

ಇದಕ್ಕೆ ದಾರಿ ಇಲ್ಲವೇ? ಇದೆ. ಅದಕ್ಕೆ ಫಾರ್ವರ್ಡ್ ಅಂತಾರೆ. ಆರ್ಡರ್ ಪಕ್ಕಾ ಆದ ದಿನವೇ ಬ್ಯಾಂಕಿಗೆ ಹೋಗಿ, ಇಂಥ ತಿಂಗಳಲ್ಲಿ ಇಷ್ಟು ಡಾಲರ್ ತಂದು ಕೊಡುತ್ತೇನೆ, ದರ ಇವತ್ತೇ ಗೊತ್ತುಮಾಡಿ ಅನ್ನುವುದು. ನಮ್ಮಲ್ಲಿ ಬಡ್ಡಿ ದರ ಅಮೆರಿಕಕ್ಕಿಂತ ಹೆಚ್ಚಿರುವಾಗ ಮುಂದಿನ ತಿಂಗಳ ದರ ಇವತ್ತಿನ ದರಕ್ಕಿಂತ ಕೊಂಚ ಮೇಲೇ ಇರುತ್ತದೆ. 40 ಪೈಸೆ ಸೇರಿ 87.90 ಸಿಕ್ಕಿತ್ತು ಅಂದುಕೊಳ್ಳಿ. ಆಗ ಕೈಗೆ 24 ಲಕ್ಷ 39 ಸಾವಿರ ಬರುತ್ತಿತ್ತು. ಬಡ್ಡಿ ಕಟ್ಟಿಯೂ 51 ಸಾವಿರ ಉಳಿಯುತ್ತಿತ್ತು.

ಆದರೆ ಇದೇನು ಪುಕ್ಕಟೆ ವರ ಅಲ್ಲ. ಡಾಲರ್ ಮೇಲೇರಿದರೂ ನಿಮಗೆ ಬರೆದುಕೊಟ್ಟ ದರವೇ ಗತಿ. ಅದೇ 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು. ಅದಕ್ಕೆ ಮೊದಲು ಕಡಿಮೆ ದರಕ್ಕೆ ಬರೆದುಕೊಟ್ಟವರು ಕೈ ಕೈ ಹಿಸುಕಿಕೊಂಡಿರಬೇಕು. ಅದಕ್ಕಿಂತ ದೊಡ್ಡ ತೊಂದರೆ, ಆಚೆಯವನು ಹಣ ತಡ ಮಾಡಿದರೆ ಬರುತ್ತದೆ. ಡಾಲರ್ ಬರಲಿ ಬಿಡಲಿ, ಬ್ಯಾಂಕಿಗೆ ಕೊಟ್ಟ ಮಾತು ಮಾತೇ. ದಿನ ಮುಂದೂಡಲು, ರದ್ದು ಮಾಡಲು ಅವತ್ತಿನ ದರದ ವ್ಯತ್ಯಾಸ ನೀವೇ ತುಂಬಬೇಕು. ಹೊಸ ಪಾರ್ಟಿಯಾದರೆ ಪೂರ್ತಿ ಹಣಕ್ಕೆ ಮಾಡದೆ, ಮೂರರಲ್ಲಿ ಎರಡು ಪಾಲಿಗೆ ಮಾಡುವುದು ನನ್ನ ಮಟ್ಟಿಗೆ ಸರಿ.

ಇನ್ನು ಆ ಸಿಐಎಫ್ ಅನ್ನುವ ಮೂರಕ್ಷರ. "ದುಬೈ ತನಕ ಬಾಡಿಗಿ ನಾನ ಕೊಟ್ಟೀನಿ, ಅಲ್ಲಿ ತನಕ ಮಾಲ್ ನಂದು" ಅಂತಿದ್ದರು ಇವರು. ಅಲ್ಲ! ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಬರೆದ ಇನ್‌ಕೋಟರ್ಮ್ಸ್ ನಿಯಮದ ಪ್ರಕಾರ, ಸಿಐಎಫ್ ಆಗಲಿ ಎಫ್‌ಒಬಿ ಆಗಲಿ, ಮಾಲು ನಮ್ಮ ಬಂದರಿನಲ್ಲಿ ಹಡಗು ಏರಿದೊಡನೆ ಅಪಾಯ ಕೊಳ್ಳುವವನದು. ಖರ್ಚು ಒಂದು ಕಡೆ ಮುಗಿಯುತ್ತದೆ, ಅಪಾಯ ಇನ್ನೊಂದು ಕಡೆ ಮುಗಿಯುತ್ತದೆ. ಹಾಗಂತ ನೆಮ್ಮದಿಯಾಗಿ ಮಲಗುವಂತೆಯೂ ಇಲ್ಲ. ಕಂಟೇನರನ್ನು ಯಾರ್ಡಿಗೆ ಒಪ್ಪಿಸಿದ ಮೇಲೆ ಹಡಗು ಏರಲು ಕೆಲವು ದಿನ ಹಿಡಿಯುತ್ತದೆ. ಆ ನಡುವೆ ಮಳೆ ನೀರು ಹೊಕ್ಕರೆ ಅಪಾಯ ಮಾರುವವನದೇ. ಕಂಟೇನರ್ ಮಾಲಿಗೆ ಎಫ್‌ಒಬಿ ಬದಲು ಎಫ್‌ಸಿಎ ಬರೆಯಿರಿ ಅಂತ ಆ ಮಂಡಳಿಯೇ ಹೇಳುವುದು ಇದಕ್ಕೇ. ಅದರಲ್ಲಿ ಸಾಗಣೆದಾರನ ಕೈಗೆ ಒಪ್ಪಿಸಿದಲ್ಲಿಗೇ ನಿಮ್ಮ ಹೊಣೆ ಮುಗಿಯುತ್ತದೆ.

ವಿಮೆಯ ಕಾಗದವನ್ನೂ ಓದಿ. ಸಿಐಎಫ್‌ನಲ್ಲಿ ಮಾರುವವನು ಕೊಡಬೇಕಾದದ್ದು ಕನಿಷ್ಠ ವಿಮೆ ಮಾತ್ರ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ ಪರಿಹಾರ ಬಂದೀತು. ಕಂಟೇನರ್ ಒಳಗೆ ಬೆವರು ಹನಿದು ಅರಿಶಿನಕ್ಕೆ ಬೂಷ್ಟು ಹಿಡಿದರೆ ಅದು ಬರುವುದಿಲ್ಲ. ಕೊಳ್ಳುವವನು ಒಳ್ಳೆಯ ವಿಮೆ ಕೇಳಿದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿಯೇ ಹೇಳಬೇಕು.

ಕೊನೆಗೆ ಆಚೆ ದಡದ ಲೆಕ್ಕ. ನಿಮ್ಮ 1.85 ಅವನಿಗೆ 1.85 ಅಲ್ಲ. ಅಲ್ಲಿ ಸಾಮಾನ್ಯ ಸುಂಕ ಸಿಐಎಫ್ ಬೆಲೆಯ ಮೇಲೆ 5 ಪರ್ಸೆಂಟ್. ಅದು ಬಿದ್ದರೆ 1,387 ಡಾಲರ್. ಬಂದರಿನಿಂದ ಅವನ ಗೋದಾಮಿಗೆ ಇನ್ನೊಂದು 500 ಹಿಡಿಯಿರಿ. ಕಿಲೋಗೆ 1.98 ಹತ್ತಿರ ಬರುತ್ತದೆ. ಅವನು ಬೇರೆಯವರ ಮಾಲಿನ ಜೊತೆ ಹೋಲಿಸುವುದು ಈ ಬೆಲೆಯನ್ನು. ಭಾರತ ಮತ್ತು ಯುಎಇ ನಡುವಿನ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ನಿಮ್ಮ ಸರಕಿನ ಕೋಡಿಗೆ ಅದರಲ್ಲಿ ಸುಂಕ ಮಾಫಿ ಇದ್ದು, ಮಾಲು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಜೊತೆಗೆ ಕಳಿಸಿದರೆ 1.88ಕ್ಕೆ ಇಳಿಯುತ್ತದೆ. ಕಿಲೋಗೆ ಒಂಬತ್ತು ಸೆಂಟಿನ ವ್ಯತ್ಯಾಸ. ಬೆಲೆ ಮಾತಾಡುವಾಗ ಅದರಲ್ಲಿ ಎರಡೋ ಮೂರೋ ಸೆಂಟು ನಮಗೂ ಬಿಡಿ ಅಂತ ಕೇಳಬಹುದು.

ಅವತ್ತು ಹೊರಡುವಾಗ ಮುಂದಿನ ಆರ್ಡರಿನ ಹಾಳೆ ತೋರಿಸಿದರು. ಬಡ್ಡಿಗೆ ಒಂದು ಸಾಲು ಹೊಸದಾಗಿ ಬಂದಿತ್ತು. ಡಾಲರ್ ದರದ ಜಾಗ ಖಾಲಿ ಬಿಟ್ಟಿದ್ದರು. "ಬ್ಯಾಂಕಿನಾಗ ಕೇಳಿ ಬರೀತೀನ್ರಿ, ಟೀವಿ ನೋಡಿ ಬರಿಯಂಗಿಲ್ಲ" ಅಂದರು.