ಅಳತೆಯ ಪಟ್ಟಿಯಿಂದ ಕೆರೆಯ ನೀರಿನ ಲೆಕ್ಕ

ಮಳೆ ಬಲಿಯುತ್ತಿದ್ದಾಗ ಕೆರೆಗೆ ಬರುವ ಹರಿವನ್ನು ಗಂಟೆಗೊಮ್ಮೆ ಅಳೆದೆವು ಎನ್ನಿ: ಗಂಟೆಗೆ 10, 18, 24, 28, 30 ಸಾವಿರ ಲೀಟರ್. ನಾಲ್ಕು ಗಂಟೆಯಲ್ಲಿ ಬಂದ ನೀರೆಷ್ಟು? ಹರಿವಿನ ರೇಖೆಯ ಕೆಳಗಿನ ವಿಸ್ತೀರ್ಣವೇ ಉತ್ತರ.

ಪ್ರತಿ ಗಂಟೆಯ ಆರಂಭದ ಅಳತೆಗಳನ್ನು ಕೂಡಿದರೆ ಎಡ ಮೊತ್ತ 80 ಸಾವಿರ ಲೀಟರ್. ಕೊನೆಯವನ್ನು ಕೂಡಿದರೆ ಬಲ ಮೊತ್ತ 100 ಸಾವಿರ. ಹರಿವು ಏರುತ್ತಲೇ ಇದ್ದರೆ ಎಡದ್ದು ನಿಜಕ್ಕಿಂತ ಕಡಿಮೆ, ಬಲದ್ದು ಹೆಚ್ಚು. ಇಳಿಯುತ್ತಿದ್ದರೆ ಇದು ತಿರುಗುಮುರುಗು.

ಮಧ್ಯಬಿಂದು ಮೊತ್ತಕ್ಕೆ ಎರಡೆರಡು ಗಂಟೆಗಳ ನಡುವಿನ ಅಳತೆ ಸಾಕು: 2 × (18 + 28) = 92. ಇಲ್ಲಿ ನೋಡಬೇಕಾದದ್ದು ರೇಖೆಯ ಬಾಗು. ಏರಿಕೆ 8, 6, 4, 2 ಎಂದು ಕುಗ್ಗುತ್ತಿರುವುದರಿಂದ 92 ತುಸು ಹೆಚ್ಚು. ಏರಿಕೆ ಹಿಗ್ಗುತ್ತಿದ್ದರೆ ಮಧ್ಯಬಿಂದು ಮೊತ್ತ ಕಡಿಮೆಯಾಗುತ್ತಿತ್ತು. ಆದರೆ ಎರಡು ಅಳತೆಗಳ ನಡುವೆ ಹರಿವು ಏರಿ ಇಳಿದಿದ್ದರೆ, ಈ ಯಾವ ತೀರ್ಪೂ ಖಚಿತವಲ್ಲ.