ಬೀಜ ನೆನಪಿಡುವ ಕೊನೆಯ ಬೆಳಕು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನಲ್ಲಿ ಆ ದೇಶದ ಕೃಷಿ ಇಲಾಖೆಯ ದೊಡ್ಡ ಸಂಶೋಧನಾ ಕೇಂದ್ರವಿದೆ. 1952ರಲ್ಲಿ ಅಲ್ಲಿಂದ ಹೊರಬಿದ್ದ ಒಂದು ಪ್ರಬಂಧದಲ್ಲಿ ಬರುವ ಅಂಕಿಗಳು ಇವು: 70, 6, 74, 6, 76, 7, 81, 7. ಮೊಳೆತ ಲೆಟ್ಯೂಸ್ ಬೀಜಗಳ ಶೇಕಡಾವಾರು ಲೆಕ್ಕ ಇದು. ಸಸ್ಯವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ಸ್ಪಷ್ಟವಾದ ಫಲಿತಾಂಶ ಬಲು ಅಪರೂಪ.

ಪ್ರಯೋಗಕ್ಕೆ ಆರಿಸಿಕೊಂಡಿದ್ದು ‘ಗ್ರ್ಯಾಂಡ್ ರ್‍ಯಾಪಿಡ್ಸ್’ ಎಂಬ ತಳಿಯ ಲೆಟ್ಯೂಸ್. ಇದರ ಬೀಜವನ್ನು ನೆನೆಸಿ ಕತ್ತಲಲ್ಲಿಟ್ಟರೆ ಬಹುಪಾಲು ಮೊಳೆಯುವುದೇ ಇಲ್ಲ. ನೆನೆದ ಬೀಜಕ್ಕೆ ಒಂದು ನಿಮಿಷ ಕೆಂಪು ಬೆಳಕು ತೋರಿಸಿ ಮತ್ತೆ ಕತ್ತಲಿಗೆ ಸೇರಿಸಿದಾಗ ನೂರಕ್ಕೆ ಎಪ್ಪತ್ತು ಮೊಳೆತವು. ಕೆಂಪಿನ ಬೆನ್ನಿಗೇ ನಾಲ್ಕು ನಿಮಿಷ ಇನ್ನೊಂದು ಬಗೆಯ ಬೆಳಕು ಬಿಟ್ಟಾಗ ಮೊಳೆತದ್ದು ಆರು ಮಾತ್ರ. ಈ ಇನ್ನೊಂದು ಬೆಳಕು ಕೆಂಪಿನಂಚಿನಿಂದ ಆಚೆಗೆ, ನಮ್ಮ ಕಣ್ಣಿಗೆ ಕಾಣುವುದೋ ಇಲ್ಲವೋ ಎನ್ನುವಂಥದು. ವಿಜ್ಞಾನಿಗಳು ಅದನ್ನು ಫಾರ್-ರೆಡ್ ಎನ್ನುತ್ತಾರೆ, ನಾವು ಕಡುಗೆಂಪು ಎನ್ನೋಣ. ಅದಾದ ಮೇಲೆ ಮತ್ತೆ ಕೆಂಪು ಕೊಟ್ಟರೆ 74. ಮತ್ತೆ ಕಡುಗೆಂಪು ಕೊಟ್ಟರೆ 6. ಹೀಗೆ ಎಷ್ಟು ಸಲ ಅದಲುಬದಲು ಮಾಡಿದರೂ ಫಲಿತಾಂಶ ಹೇಳಲು ಒಂದೇ ಸಂಗತಿ ಗೊತ್ತಿದ್ದರೆ ಸಾಕಿತ್ತು: ಕೊನೆಗೆ ಬಿದ್ದ ಬೆಳಕು ಯಾವುದು?

ಈ ಕೆಲಸದ ಹಿಂದೆ ಸಸ್ಯವಿಜ್ಞಾನಿ ಹ್ಯಾರಿ ಬೋರ್ತ್‌ವಿಕ್, ರಸಾಯನವಿಜ್ಞಾನಿ ಸ್ಟರ್ಲಿಂಗ್ ಹೆಂಡ್ರಿಕ್ಸ್, ಮರಿಯನ್ ಪಾರ್ಕರ್ ಮತ್ತು ಬೀಜಗಳನ್ನೇ ಅಭ್ಯಾಸ ಮಾಡುತ್ತಿದ್ದ ದಂಪತಿ ಎಬೆನ್ ಹಾಗೂ ವಿವಿಯನ್ ಟೂಲ್ ಇದ್ದರು. ಕೆಂಪು ಬೆಳಕು ಲೆಟ್ಯೂಸ್ ಬೀಜವನ್ನು ಮೊಳೆಯಿಸುತ್ತದೆ, ಕೆಂಪಿನಾಚೆಯ ಬೆಳಕು ತಡೆಯುತ್ತದೆ ಎಂಬುದನ್ನು ಲೂಯಿಸ್ ಫ್ಲಿಂಟ್ ಮತ್ತು ಮೆಕ್‌ಅಲಿಸ್ಟರ್ 1930ರ ದಶಕದಲ್ಲೇ ಕಂಡಿದ್ದರು. ಬೆಲ್ಟ್ಸ್‌ವಿಲ್ ತಂಡ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಬೆಳಕು ಮಾಡಿದ ಕೆಲಸವನ್ನು ಇನ್ನೊಂದು ಪೂರ್ತಿ ಅಳಿಸುತ್ತದೆ ಎಂದಾದರೆ ಬೀಜದೊಳಗೆ ಎರಡು ವಸ್ತುಗಳಿರಬೇಕಿಲ್ಲ, ಎರಡು ರೂಪ ತಾಳುವ ಒಂದೇ ವಸ್ತು ಇರಬೇಕು ಎಂದು ಅವರು ತರ್ಕಿಸಿದರು. ಆಗ ಆ ವಸ್ತುವನ್ನು ಯಾರೂ ಕಂಡಿರಲಿಲ್ಲ. ಏಳು ವರ್ಷಗಳ ನಂತರ, 1959ರಲ್ಲಿ, ವಾರನ್ ಬಟ್ಲರ್ ಮತ್ತು ಜೊತೆಗಾರರು ಕತ್ತಲಲ್ಲಿ ಬೆಳೆಸಿದ ಮೆಕ್ಕೆಜೋಳದ ಮೊಳಕೆಗಳಲ್ಲಿ ಅದನ್ನು ಉಪಕರಣದಿಂದ ಅಳೆದು ತೋರಿಸಿದರು. ಮೊಳಕೆಗಳನ್ನು ಕತ್ತಲಲ್ಲೇ ಬೆಳೆಸಿದ್ದಕ್ಕೆ ಕಾರಣವಿತ್ತು. ಬೆಳಕಿಗೆ ಬಂದ ಗಿಡದಲ್ಲಿ ಪತ್ರಹರಿತ್ತು ತುಂಬಿಕೊಂಡು, ಅದೂ ಕೆಂಪನ್ನೇ ಹೀರುವುದರಿಂದ, ಅತ್ಯಲ್ಪ ಪ್ರಮಾಣದ ಈ ವರ್ಣದ್ರವ್ಯ ಅಳತೆಗೆ ಸಿಗುವುದಿಲ್ಲ. ಅದಕ್ಕೆ ಫೈಟೋಕ್ರೋಮ್ ಎಂದು ಹೆಸರಾಯಿತು.

ಫೈಟೋಕ್ರೋಮ್ ಒಂದು ಪ್ರೊಟೀನು. ಅದರೊಳಗೆ ಬೆಳಕು ಹೀರುವ ಪುಟ್ಟ ಅಣುವೊಂದು ಸಿಕ್ಕಿಕೊಂಡಿರುತ್ತದೆ. ಕತ್ತಲಲ್ಲಿ ತಯಾರಾಗುವ ಫೈಟೋಕ್ರೋಮ್ 660 ನ್ಯಾನೋಮೀಟರಿನ ಆಸುಪಾಸಿನ ಕೆಂಪನ್ನು ಚೆನ್ನಾಗಿ ಹೀರುತ್ತದೆ, ಆದರೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಕೆಂಪು ತಗುಲಿದಾಗ ಒಳಗಿನ ಪುಟ್ಟ ಅಣುವಿನ ಒಂದು ತುದಿ ಒಂದು ಬಂಧದ ಸುತ್ತ ಹೊರಳಿಕೊಳ್ಳುತ್ತದೆ, ಅದರ ಜೊತೆಗೆ ಇಡೀ ಪ್ರೊಟೀನಿನ ಆಕಾರವೂ ಬದಲಾಗುತ್ತದೆ. ಈ ಹೊಸ ರೂಪವೇ ಸಕ್ರಿಯ ರೂಪ. ಇದು ಹೆಚ್ಚಾಗಿ ಹೀರುವುದು 730 ನ್ಯಾನೋಮೀಟರಿನ ಸುತ್ತಲಿನ ಕಡುಗೆಂಪನ್ನು, ಹೀರಿದೊಡನೆ ಮತ್ತೆ ಹಳೆಯ ರೂಪಕ್ಕೆ ಮರಳುತ್ತದೆ. ಸಕ್ರಿಯ ಫೈಟೋಕ್ರೋಮ್ ಜೀವಕೋಶದ ಕೇಂದ್ರಕ್ಕೆ ಹೋಗಿ ಅಲ್ಲಿನ ಪಿಐಎಫ್ ಎಂಬ ಗುಂಪಿನ ಪ್ರೊಟೀನುಗಳನ್ನು ಹಿಡಿದು ನಾಶಕ್ಕೆ ಗುರಿಮಾಡುತ್ತದೆ. ಬೀಜದಲ್ಲಿ ಮೊಳಕೆಗೆ ಅಡ್ಡಗಾಲಾಗಿರುವುದು ಇವುಗಳಲ್ಲೇ ಒಂದು. ಅದು ತೊಲಗಿದ ಮೇಲೆ ಜಿಬ್ಬರೆಲಿನ್ ಎಂಬ ಹಾರ್ಮೋನು ಏರಿ ಬೀಜ ಬಾಯಿಬಿಡುತ್ತದೆ. ಈ ಏರ್ಪಾಡು ಹೊರಗಿನಿಂದ ಸ್ವಿಚ್ಚಿನಂತೆ ಕಂಡರೂ ಸಾವಿರಾರು ಅಣುಗಳಲ್ಲಿ ಎಷ್ಟು ಪಾಲು ಈ ಕಡೆ, ಎಷ್ಟು ಪಾಲು ಆ ಕಡೆ ಎಂಬ ತೂಗಾಟ ಅದು. ಕತ್ತಲಲ್ಲೂ ಸಕ್ರಿಯ ರೂಪ ತಾನೇ ತಾನಾಗಿ ನಿಧಾನಕ್ಕೆ ಹಿಂತಿರುಗುತ್ತಿರುತ್ತದೆ, ಸೆಖೆ ಹೆಚ್ಚಿದಷ್ಟೂ ಬೇಗ.

ಅಳಿಸುವುದಕ್ಕೂ ಒಂದು ಗಡುವಿದೆ. ಕೆಂಪು ಕೊಟ್ಟ ಮೇಲೆ ಬಹಳ ಹೊತ್ತು ಬಿಟ್ಟು ಕಡುಗೆಂಪು ಕೊಟ್ಟರೆ ಅದು ಕೆಲಸಕ್ಕೆ ಬಾರದು. ಅಷ್ಟರಲ್ಲಿ ಆಜ್ಞೆ ಮುಂದಕ್ಕೆ ದಾಟಿರುತ್ತದೆ.

ಪ್ರಯೋಗಾಲಯದ ಹೊರಗೆ ಬೀಜಕ್ಕೆ ಕಡುಗೆಂಪು ಎಲ್ಲಿಂದ ಬರುತ್ತದೆ? ಮೇಲಿರುವ ಎಲೆಯಿಂದ. ಪತ್ರಹರಿತ್ತು ತನ್ನ ಅಡುಗೆಗೆ ಕೆಂಪನ್ನು ಹೀರಿಕೊಂಡು ಕಡುಗೆಂಪನ್ನು ಹೆಚ್ಚುಕಡಿಮೆ ಹಾಗೇ ಕೆಳಕ್ಕೆ ಬಿಡುತ್ತದೆ ಇಲ್ಲವೇ ಪಕ್ಕಕ್ಕೆ ಚದುರಿಸುತ್ತದೆ. ಬಯಲಿನ ಬಿಸಿಲಿನಲ್ಲಿ ಕೆಂಪು ಕಡುಗೆಂಪಿಗಿಂತ ಒಂದಿಷ್ಟು ಹೆಚ್ಚೇ ಇರುತ್ತದೆ, ಸುಮಾರು 1.2ಕ್ಕೆ 1ರ ಲೆಕ್ಕ. ದಟ್ಟ ಎಲೆಗಳ ಕೆಳಗೆ ಅದು 0.1 ಅಥವಾ 0.2ಕ್ಕೆ ಇಳಿಯಬಲ್ಲದು. ಮೋಡ ಕವಿದಾಗ ಬೆಳಕು ಕುಗ್ಗಿದರೂ ಈ ಅನುಪಾತ ಅಷ್ಟಾಗಿ ಕೆಡುವುದಿಲ್ಲ. ಹಾಗಾಗಿ ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಈ ಎರಡು ಬಣ್ಣಗಳ ಅನುಪಾತ ನೋಡಿದರೆ ತಲೆಯ ಮೇಲೆ ಮೋಡವಿದೆಯೋ ಗಿಡವಿದೆಯೋ ಗೊತ್ತಾಗುತ್ತದೆ. ಒಂದು ಮಿಲಿಗ್ರಾಂ ತೂಗುವ ಲೆಟ್ಯೂಸ್ ಬೀಜದಲ್ಲಿ ಕೂಡಿಟ್ಟ ಆಹಾರ ಬಹಳ ಕಡಿಮೆ. ಬೇರೆ ಗಿಡದ ಅಡಿಯಲ್ಲಿ ಮೊಳೆತರೆ ಅದು ಉಳಿಯುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನಬಹುದು, ಕಾಯುವುದೇ ಅದಕ್ಕೆ ಕ್ಷೇಮ. ಮಾವಿನ ಓಟೆಗೋ ಹಲಸಿನ ಬೀಜಕ್ಕೋ ಈ ಚಿಂತೆಯಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಮೂರು ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ ಲೆಟ್ಯೂಸ್ ಬೀಜ ಚೆಲ್ಲಿ. ಬೀಜ ನೆನೆಯುವ ಮೊದಲೇ ಒಂದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಡಿ, ಒಂದರ ಮೇಲೆ ಎರಡು ಮೂರು ಪದರ ಹಸಿ ಬಾಳೆ ಎಲೆ ಮುಚ್ಚಿ ಬದಿಯಿಂದ ಬೆಳಕು ನುಸುಳದಂತೆ ನೋಡಿಕೊಳ್ಳಿ, ಇನ್ನೊಂದನ್ನು ತೆರೆದೇ ಇಡಿ. ಎಲೆಯ ತಟ್ಟೆ ಕಿಟಕಿಯ ಹಗಲು ಬೆಳಕಿನಲ್ಲೇ ಇರಬೇಕು. ಬಿಳಿ ಎಲ್‌ಇಡಿ ದೀಪದಲ್ಲಿ ಕಡುಗೆಂಪು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅದರ ಕೆಳಗೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಮೂರು ತಟ್ಟೆಯಲ್ಲೂ ಮೊಳಕೆ ಬಂದರೆ ನಿಮ್ಮದು ಬೆಳಕಿನ ಹಂಗಿಲ್ಲದ ತಳಿ ಎಂದರ್ಥ. ಇಂದು ಮಾರಾಟಕ್ಕೆ ಬರುವ ಹಲವು ತಳಿಗಳು ಹಾಗೇ ಇವೆ. ಮೂರರಲ್ಲೂ ಬಾರದಿದ್ದರೆ ಮೊದಲು ಸೆಖೆಯನ್ನು ಅನುಮಾನಿಸಿ. ಉಷ್ಣತೆ 30 ಡಿಗ್ರಿ ದಾಟಿದರೆ ಹಲವು ಲೆಟ್ಯೂಸ್ ಬೀಜಗಳು ಬೆಳಕಿದ್ದರೂ ಏಳುವುದಿಲ್ಲ.

ಮಣ್ಣಿನೊಳಗೆ ಬೆಳಕು ಕೆಲವೇ ಮಿಲಿಮೀಟರು ಇಳಿಯುತ್ತದೆ. ಅದಕ್ಕಿಂತ ಆಳದಲ್ಲಿ ಹುದುಗಿದ ಕಳೆಬೀಜಗಳು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತವೆ. ಉತ್ತಾಗ ಮಣ್ಣು ಮಗುಚಿ ಅವು ಕ್ಷಣಮಾತ್ರ ಬಿಸಿಲು ಕಂಡು ಮತ್ತೆ ಹೂತುಹೋದರೂ ಕೆಲವಕ್ಕೆ ಅಷ್ಟೇ ಸಾಕು. ನಮ್ಮ ಉಮ್ಮತ್ತಿಯ ನೆಂಟನಾದ ‘ದತೂರಾ ಫೆರಾಕ್ಸ್’ ಎಂಬ ಕಳೆಯ ಬೀಜಗಳು ಮಣ್ಣಲ್ಲಿ ಹೂತಿದ್ದ ಮೇಲೆ ಬೆಳಕಿಗೆ ಸಾವಿರಾರು ಪಟ್ಟು ಹೆಚ್ಚು ಸ್ಪಂದಿಸುತ್ತವೆ ಎಂದು ಅರ್ಜೆಂಟೀನಾದ ಸಂಶೋಧಕರು ತೋರಿಸಿದರು. ಗಿಡದಲ್ಲಿ ಒಂದಲ್ಲ, ಹಲವು ಬಗೆಯ ಫೈಟೋಕ್ರೋಮ್‌ಗಳಿವೆ. ಈ ಕ್ಷಣಿಕ ಬೆಳಕನ್ನು ಹಿಡಿಯುವುದು ಫೈಟೋಕ್ರೋಮ್ ಎ, ಇದನ್ನು ಕಡುಗೆಂಪು ಅಳಿಸಲಾರದು. ಲೆಟ್ಯೂಸಿನಲ್ಲಿ ಕಂಡ ಅದಲುಬದಲಿನ ಆಟ ಮುಖ್ಯವಾಗಿ ಫೈಟೋಕ್ರೋಮ್ ಬಿಯದು. ರಾತ್ರಿ ಉತ್ತರೆ ಕಳೆ ಕಡಿಮೆಯಾದೀತೇ ಎಂದು ಜರ್ಮನಿಯೂ ಸೇರಿ ಕೆಲವೆಡೆ ಪ್ರಯತ್ನಿಸಿದರು. ಕೆಲವು ಹೊಲಗಳಲ್ಲಿ ಕಡಿಮೆಯಾಯಿತು, ಕೆಲವೆಡೆ ವ್ಯತ್ಯಾಸವೇ ಕಾಣಲಿಲ್ಲ. ಬೆಳಕನ್ನು ಬೇಡದ ಕಳೆಗಳೂ ಬೇಕಾದಷ್ಟಿವೆ, ಮಣ್ಣಿನ ಮೇಲ್ಪದರದಲ್ಲೇ ಇದ್ದ ಬೀಜಗಳು ಬೆಳಗಾದ ಮೇಲೆ ಬೆಳಕು ಕಂಡೇ ಕಾಣುತ್ತವೆ.

ಮೊಳೆತು ಎದ್ದ ಗಿಡವೂ ಇದೇ ಫೈಟೋಕ್ರೋಮ್ ಬಿಯಿಂದ ನೆರೆಯವರನ್ನು ಗಮನಿಸುತ್ತಿರುತ್ತದೆ. ಕಡುಗೆಂಪು ಹೆಚ್ಚಿದಾಗ ಸಕ್ರಿಯ ಫೈಟೋಕ್ರೋಮ್ ತಗ್ಗುತ್ತದೆ, ಪಿಐಎಫ್‌ಗಳು ತಲೆಯೆತ್ತುತ್ತವೆ, ಆಕ್ಸಿನ್ ಹಾರ್ಮೋನು ಏರಿ ಕಾಂಡ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಕವಲುಗಳು ಕಡಿಮೆಯಾಗುತ್ತವೆ, ಎಷ್ಟೋ ಗಿಡಗಳಲ್ಲಿ ಹೂವೂ ಬೇಗ ಬರುತ್ತದೆ. ಇಂಗ್ಲೆಂಡಿನ ಹ್ಯಾರಿ ಸ್ಮಿತ್ ಮತ್ತು ಸಂಗಡಿಗರು ಬಿಳಿ ಸಾಸಿವೆ ಗಿಡದ ಎಳೆಯ ಕಾಂಡಕ್ಕೆ ಮಾತ್ರ ಕಡುಗೆಂಪು ಹಾಯಿಸಿದಾಗ ಸುಮಾರು ಹತ್ತು ಹದಿನೈದು ನಿಮಿಷದಲ್ಲೇ ಅದರ ಬೆಳವಣಿಗೆಯ ವೇಗ ಏರಿತು. ಗಿಡದ ಮಟ್ಟಿಗೆ ಇದು ಬಹಳ ಬೇಗ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1990ರಲ್ಲಿ ಪ್ರಕಟವಾದ ಕಾರ್ಲೋಸ್ ಬಲ್ಲಾರೆ, ಆನಾ ಸ್ಕೋಪೆಲ್, ರೊಡಾಲ್ಫೊ ಸಾಂಚೆಸ್ ಅವರ ಪ್ರಯೋಗ. ಪಕ್ಕದ ಗಿಡ ಇನ್ನೂ ನೆರಳು ಚೆಲ್ಲುವ ಮೊದಲೇ ಸಸಿ ಉದ್ದವಾಗತೊಡಗುತ್ತದಲ್ಲ, ಅದಕ್ಕೆ ಹೇಗೆ ತಿಳಿಯಿತು? ನೆರೆಯ ಎಲೆಗಳಿಂದ ಅಡ್ಡಡ್ಡ ಚದುರಿ ಬರುವ ಕಡುಗೆಂಪೇ ಸುದ್ದಿ ಮುಟ್ಟಿಸುತ್ತದೆ ಎಂಬುದು ಅವರ ಊಹೆ. ಪರೀಕ್ಷಿಸಲು ಅವರು ಸಸಿಯ ಕಾಂಡದ ಸುತ್ತ ಪಾರದರ್ಶಕ ಕೊರಳಪಟ್ಟಿ ತೊಡಿಸಿ ಅದರಲ್ಲಿ ಮೈಲುತುತ್ತದ ದ್ರಾವಣ ತುಂಬಿದರು. ಮಲೆನಾಡಿನವರು ಅಡಿಕೆಗೆ ಔಷಧಿ ಹೊಡೆಯಲು ಸುಣ್ಣದ ಜೊತೆ ಕಲಸುತ್ತಾರಲ್ಲ, ಅದೇ ಮೈಲುತುತ್ತ. ಅದರ ನೀಲಿ ನೀರು ಕೆಂಪನ್ನು ಬಹುಮಟ್ಟಿಗೆ ಬಿಟ್ಟು ಕಡುಗೆಂಪನ್ನು ಹೀರಿಕೊಳ್ಳುತ್ತದೆ. ಬರೀ ನೀರಿನ ಪಟ್ಟಿ ತೊಟ್ಟ ಸಸಿಗಳು ಗುಂಪಿನ ನಡುವೆ ಎಂದಿನಂತೆ ಉದ್ದ ಬೆಳೆದವು. ಮೈಲುತುತ್ತದ ಪಟ್ಟಿಯವು ಸುತ್ತ ಅಷ್ಟೇ ಗಿಡಗಳಿದ್ದರೂ ಹಾಗೆ ಉದ್ದವಾಗಲಿಲ್ಲ.

ಎಲ್ಲ ಗಿಡಗಳೂ ಹೀಗೆ ಚಾಚಿಕೊಳ್ಳುವುದಿಲ್ಲ. ದಟ್ಟ ಕಾಡಿನ ನೆಲದಲ್ಲಿ ಬದುಕುವ ಗಿಡಗಳು ಕಡುಗೆಂಪಿಗೆ ಅಷ್ಟಾಗಿ ಓಗೊಡುವುದಿಲ್ಲ. ನೂರಡಿ ಮರದ ಜೊತೆ ಅವು ಪೈಪೋಟಿ ನಡೆಸಿ ಗೆಲ್ಲುವುದು ಸಾಧ್ಯವಿಲ್ಲ. ಬಯಲಿನ ಗಿಡಕ್ಕೆ ಮಾತ್ರ ಪಕ್ಕದವನಿಗಿಂತ ನಾಲ್ಕು ಬೆರಳು ಮೇಲೇರಿದರೆ ಲಾಭವುಂಟು. ನಮ್ಮ ಬೆಳೆಗಳು ಬಹುಪಾಲು ಈ ಜಾತಿಯವು. ಒತ್ತೊತ್ತಾಗಿ ಬಿತ್ತಿದ ಪೈರು ತೆಳ್ಳಗೆ ಉದ್ದಕ್ಕೆ ಎದ್ದು ಗಾಳಿಮಳೆಗೆ ಮಲಗುವುದರಲ್ಲಿ ಇದರ ಪಾಲೂ ಇದೆ, ಕಾಂಡಕ್ಕೆ ಸುರಿದ ಆಹಾರ ಕಾಳಿಗೆ ಸಿಗುವುದಿಲ್ಲ. ಸ್ಮಿತ್ ತಂಡ ಓಟ್ಸ್ ಗಿಡದ ಫೈಟೋಕ್ರೋಮ್ ಜೀನನ್ನು ತಂಬಾಕಿಗೆ ಸೇರಿಸಿ, ಒತ್ತಾಗಿ ನೆಟ್ಟರೂ ಉದ್ದವಾಗದ, ಎಲೆಗೆ ಹೆಚ್ಚು ಪಾಲು ಕೊಡುವ ಗಿಡಗಳನ್ನು 1996ರಲ್ಲಿ ತೋರಿಸಿತ್ತು.

ಮೆಕ್ಕೆಜೋಳದಲ್ಲಿ ಕೆನಡಾದ ಸಂಶೋಧಕರು ಕಂಡದ್ದು ರೈತರಿಗೆ ಇನ್ನೂ ಹತ್ತಿರದ್ದು. ಸಾಲಿನ ನಡುವೆ ಎದ್ದ ಎಳೆ ಕಳೆ ನೀರನ್ನೂ ಗೊಬ್ಬರವನ್ನೂ ಕಸಿಯುವ ಮೊದಲೇ ಅದರ ಎಲೆಯಿಂದ ಬಂದ ಕಡುಗೆಂಪಿಗೆ ಜೋಳದ ಸಸಿ ತನ್ನ ಬೆಳವಣಿಗೆಯ ಬಗೆಯನ್ನು ಬದಲಿಸಿಕೊಳ್ಳುತ್ತದೆ, ಬೇರಿಗೆ ಹೋಗಬೇಕಾದ ಪಾಲು ಕುಗ್ಗುತ್ತದೆ. ಆಮೇಲೆ ಕಳೆ ಕಿತ್ತರೂ ಆ ಸಸಿಗಳು ಮೊದಲಿಂದ ಕಳೆಯಿಲ್ಲದೆ ಬೆಳೆದವುಗಳ ಸಮಕ್ಕೆ ಬರುವುದು ಕಷ್ಟ. ಕಳೆ ಇನ್ನೂ ಚಿಕ್ಕದು, ಮುಂದಿನ ವಾರ ಎಡೆಕುಂಟೆ ಹೊಡೆದರಾಯಿತು ಎಂದು ನಾವು ಬಿಡುವ ಆ ದಿನಗಳಲ್ಲೇ ಇದು ನಡೆದುಹೋಗುತ್ತದೆ.