ಬಟನ್ ಮರೆಯಲ್ಲಿ ಮೊತ್ತ

ಮುಖಪುಟದ ಬಟನ್ ತುಸು ದೊಡ್ಡದಾಗಲೆಂದು ಸಿಎಸ್ಎಸ್‌ನಲ್ಲಿ ಒಂದು ಸಾಲು ತಿದ್ದಿದರು ಎನ್ನಿ. ಅದೇ ಸಾಲು ಪಾವತಿ ಪುಟಕ್ಕೂ ಅನ್ವಯಿಸಿ, ಮೊಬೈಲ್ ಪರದೆಯಲ್ಲಿ ಬಟನ್ ಪಕ್ಕದ ಮೊತ್ತವನ್ನೇ ಮುಚ್ಚಿಬಿಡುತ್ತದೆ. ಮಾಮೂಲಿ ಪರೀಕ್ಷೆಗೆ ಇದು ಕಾಣದು: ಮೊತ್ತ ಸರಿಯಿದೆ, ಬಟನ್ ಒತ್ತಿದರೆ ಕೆಲಸವೂ ಮಾಡುತ್ತದೆ.

ಇಲ್ಲಿ ಬೇಕಾದದ್ದು ಚಿತ್ರಗಳ ಹೋಲಿಕೆ. ಪ್ಲೇರೈಟ್‌ನ `toHaveScreenshot()` ಮೊದಲ ಸಲ ಪುಟದ ಸ್ಕ್ರೀನ್‌ಶಾಟ್ ತೆಗೆದು ಮಾದರಿಯಾಗಿ ಇಟ್ಟುಕೊಳ್ಳುತ್ತದೆ. ತಿದ್ದಿದ ಮೇಲೆ ಮತ್ತೆ ತೆಗೆದು, ಪಿಕ್ಸೆಲ್ ಪಿಕ್ಸೆಲ್ ಹೋಲಿಸಿ, ವ್ಯತ್ಯಾಸವಿರುವ ಜಾಗಕ್ಕೆ ಕೆಂಪು ಬಳಿದು ತೋರಿಸುತ್ತದೆ.

ತಲೆನೋವೆಂದರೆ ಸುಳ್ಳು ಎಚ್ಚರಿಕೆಗಳು. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಅಕ್ಷರಗಳ ಅಂಚು ಒಂದೇ ರೀತಿ ಮೂಡುವುದಿಲ್ಲ. ಆದ್ದರಿಂದ ಎರಡೂ ಚಿತ್ರಗಳನ್ನು ಒಂದೇ ಬಗೆಯ ಯಂತ್ರದಲ್ಲಿ ತೆಗೆಯಬೇಕು. ದಿನಾಂಕ, ಜಾಹೀರಾತುಗಳನ್ನು `mask` ಬಳಸಿ ಮರೆಮಾಡಬೇಕು. ಬೇಕೆಂದೇ ಮಾಡಿದ ಬದಲಾವಣೆಯಾದರೆ `--update-snapshots` ಕೊಟ್ಟು ಮಾದರಿಯನ್ನು ಹೊಸದಾಗಿಸಬಹುದು, ಆದರೆ ಕೆಂಪು ಬಿದ್ದ ಪ್ರತಿ ಚಿತ್ರವನ್ನೂ ಕಣ್ಣಾರೆ ನೋಡಿದ ಮೇಲೆಯೇ.